ಗಲ್ಲಾಪೆಟ್ಟಿಗೆಯ ತೆರಿಗೆಯಲ್ಲಿ ಕಟ್ಟಬೇಕಾದದ್ದು ಎಷ್ಟು?

ಗಿರಾಕಿ ಕೊಟ್ಟ ದುಡ್ಡಿನಲ್ಲಿ ಒಂದು ಪಾಲು ವ್ಯಾಪಾರಿಯದ್ದಲ್ಲ. ಅದು ಸರ್ಕಾರಕ್ಕೆ ಸೇರಬೇಕಾದ ತೆರಿಗೆ. ಆದರೆ ಅದೇ ವ್ಯಾಪಾರಿ ಸರಕು ತರುವಾಗ ಸಗಟು ವ್ಯಾಪಾರಿಗೂ ತೆರಿಗೆ ಕೊಟ್ಟೇ ತಂದಿರುತ್ತಾನೆ. ಆ ತೆರಿಗೆಯನ್ನು ಈ ತೆರಿಗೆಯಿಂದ ಕಳೆದು ಉಳಿದದ್ದನ್ನಷ್ಟೇ ಕಟ್ಟಿದರೆ ಸಾಕು. ವ್ಯಾಟ್ ಅನ್ನಿ, ಜಿಎಸ್‌ಟಿ ಅನ್ನಿ, ಒಳಗಿನ ಲೆಕ್ಕ ಇದೇ. 1954ರಲ್ಲಿ ಫ್ರಾನ್ಸ್ ಇದನ್ನು ಜಾರಿಗೆ ತಂದಾಗ ಇದ್ದ ಮುಖ್ಯ ಉದ್ದೇಶವೂ ಅದೇ: ಸರಕು ಕೈ ಬದಲಾದ ಹಾಗೆಲ್ಲ ತೆರಿಗೆಯ ಮೇಲೆ ತೆರಿಗೆ ಬೀಳುವುದನ್ನು ತಪ್ಪಿಸುವುದು.

ಕೇಳಲು ಸುಲಭ. ಆದರೆ ತಿಂಗಳ ಕೊನೆಯಲ್ಲಿ ಬಿಲ್ಲುಗಳನ್ನು ಮುಂದೆ ಹರಡಿಕೊಂಡು ಕೂತಾಗ ಗೊಂದಲ ಶುರುವಾಗುತ್ತದೆ. ಅದಕ್ಕೇ ಒಬ್ಬ ಸಣ್ಣ ವ್ಯಾಪಾರಿಯ ಒಂದು ತಿಂಗಳ ಲೆಕ್ಕವನ್ನು ಇಟ್ಟುಕೊಂಡು ನೋಡೋಣ. ಆತ ಬಲ್ಬು, ವೈರು, ಸ್ವಿಚ್ಚು ಮಾರುತ್ತಾನೆ. ಲೆಕ್ಕ ಸುಲಭವಾಗಲಿ ಅಂತ ಎಲ್ಲಕ್ಕೂ ತೆರಿಗೆ ಶೇಕಡಾ 10 ಎಂದು ಇಟ್ಟುಕೊಳ್ಳೋಣ. ದರ ಬೇರೆಯಿದ್ದರೂ ದಾರಿ ಇದೇ.

ಮೊದಲು ಮಾರಾಟದ ಕಡೆ ನೋಡಿ. ತಿಂಗಳಿಡೀ ಮಾಡಿದ ಬಿಲ್ಲುಗಳ ಮೊತ್ತ 88,000. ಇದರಲ್ಲಿ ತೆರಿಗೆ ಎಷ್ಟು? ಬಹಳ ಜನ ಥಟ್ಟನೆ 8,800 ಅನ್ನುತ್ತಾರೆ. ನಾನು ಅತಿ ಹೆಚ್ಚು ಕಂಡಿರುವ ತಪ್ಪು ಇದೇ. 88,000 ಎಂಬುದು ತೆರಿಗೆ ಸೇರಿದ ಮೊತ್ತ. ಸರಕಿನ ಬೆಲೆ 100 ಆದರೆ ಗಿರಾಕಿ ಕೊಡುವುದು 110. ಅಂದರೆ ಬಂದ ಪ್ರತಿ 110ರಲ್ಲಿ 10 ತೆರಿಗೆ. ಹಾಗಾಗಿ ಒಟ್ಟು ಮೊತ್ತವನ್ನು 110ರಿಂದ ಭಾಗಿಸಿ 10ರಿಂದ ಗುಣಿಸಬೇಕು. 8,000 ಬರುತ್ತದೆ. ಸರಕಿನ ಬೆಲೆ 80,000. ತಪ್ಪು ಲೆಕ್ಕ ಹಾಕಿದವನು 800ನ್ನು ಸುಮ್ನೆ ತನ್ನ ಜೇಬಿನಿಂದ ಕಟ್ಟಿದ ಹಾಗಾಯಿತು. ದರ ಶೇಕಡಾ 20 ಆದರೆ 120ರಿಂದ ಭಾಗಿಸಿ 20ರಿಂದ ಗುಣಿಸಿ.

ಈ 88,000ದಲ್ಲಿ 11,000 ಸಾಲದ ಮಾರಾಟ, ಗಿರಾಕಿ ಇನ್ನೂ ದುಡ್ಡು ಕೊಟ್ಟಿಲ್ಲ. ಅದನ್ನು ಬಿಟ್ಟುಬಿಡಬಹುದಾ? ಬಿಲ್ಲಿನ ತಾರೀಖಿನ ಪ್ರಕಾರ ತೆರಿಗೆ ಕಟ್ಟುವ ಪದ್ಧತಿಯಲ್ಲಿ ಬಿಡುವ ಹಾಗಿಲ್ಲ. ದುಡ್ಡು ಬರಲಿ ಬಿಡಲಿ, ಬಿಲ್ ಹರಿದ ತಿಂಗಳಲ್ಲೇ ಅದರ ತೆರಿಗೆ 1,000 ಲೆಕ್ಕಕ್ಕೆ ಬರುತ್ತದೆ. ದುಡ್ಡು ಕೈ ಸೇರಿದಾಗಷ್ಟೇ ಕಟ್ಟಲು ಸಣ್ಣ ವ್ಯಾಪಾರಿಗಳಿಗೆ ಕೆಲವು ದೇಶಗಳಲ್ಲಿ ಅವಕಾಶ ಇದೆ. ಆ ಪದ್ಧತಿಗೆ ಸೇರಿದ್ದರೆ ಮಾತ್ರ ಇದನ್ನು ಮುಂದಕ್ಕೆ ಹಾಕಬಹುದು. ನಮ್ಮ ವ್ಯಾಪಾರಿಯದ್ದು ಬಿಲ್ಲಿನ ತಾರೀಖಿನ ಪದ್ಧತಿ.

ಇನ್ನೊಬ್ಬ ಗಿರಾಕಿ ತೆರಿಗೆ ಸೇರಿ 2,200ರ ಸಾಮಾನು ವಾಪಸ್ ತಂದ. ಅದಕ್ಕೆ ಕ್ರೆಡಿಟ್ ನೋಟ್, ಅಂದರೆ ಬಿಲ್ಲಿನ ಮೊತ್ತ ಇಷ್ಟು ಕಡಿಮೆಯಾಯಿತು ಎಂಬ ಚೀಟಿ, ಬರೆದುಕೊಟ್ಟರೆ ಅದರೊಳಗಿನ 200 ತೆರಿಗೆಯೂ ಕಳೆಯುತ್ತದೆ. ಬರೆಯದೆ ದುಡ್ಡು ಮಾತ್ರ ಕೊಟ್ಟು ಕಳಿಸಿದರೆ ಪುಸ್ತಕದಲ್ಲಿ ಮಾರಾಟ ಹಾಗೇ ಉಳಿದು, ತೆರಿಗೆಯನ್ನೂ ತಾನೇ ಕಟ್ಟಬೇಕಾಗುತ್ತದೆ. ಈಗ ಮಾರಾಟದ ತೆರಿಗೆ 7,800.

ಇನ್ನು ಖರೀದಿಯ ಕಡೆ. ಇಲ್ಲಿ ಒಟ್ಟು ಮೊತ್ತ ಹಿಡಿದು ಲೆಕ್ಕ ಹಾಕಲು ಹೋಗಬೇಡಿ. ಬಿಲ್ಲುಗಳನ್ನು ಒಂದೊಂದಾಗಿ ಕೈಗೆತ್ತಿಕೊಳ್ಳಿ. ಸರಕಿನ ಬಿಲ್ಲುಗಳಲ್ಲಿ ಬೆಲೆ 60,000, ತೆರಿಗೆ 6,000. ಹೆಸರು, ನೋಂದಣಿ ಸಂಖ್ಯೆ, ತೆರಿಗೆ ಎಲ್ಲ ಸರಿಯಾಗಿದೆ. ಈ ತೆರಿಗೆ ಪೂರ್ತಿ ಕಳೆಯಲು ಸಿಗುತ್ತದೆ. ಅಂಗಡಿಗೆ ಹೊಸ ಕಪಾಟು ತಂದಿದ್ದಾನೆ: 5,000, ಅದರ ಮೇಲೆ ತೆರಿಗೆ 500. ಕಪಾಟನ್ನು ಮಾರುವುದಿಲ್ಲ, ನಿಜ. ಆದರೆ ವ್ಯಾಪಾರಕ್ಕೇ ತಂದದ್ದು, ಹಾಗಾಗಿ ಇದೂ ಸಿಗುತ್ತದೆ. ಇಂಥ ಬಿಲ್ಲುಗಳನ್ನು ಮರೆತು ಬಿಡುವವರೇ ಜಾಸ್ತಿ. ಫೋನ್ ಬಿಲ್ 1,000, ತೆರಿಗೆ 100. ಫೋನು ಅರ್ಧ ಮನೆಗೆ, ಅರ್ಧ ಅಂಗಡಿಗೆ. ಆದ್ದರಿಂದ 50 ಮಾತ್ರ. ಇದಕ್ಕೆ ಯಾವ ಆಧಾರದ ಮೇಲೆ ಅರ್ಧ ಅಂದದ್ದು ಎಂದು ಒಂದು ಸಾಲು ಬರೆದಿಡುವುದು ಒಳ್ಳೆಯದು, ಮುಂದೆ ಯಾರಾದರೂ ಕೇಳಿದರೆ ಉತ್ತರ ಇರುತ್ತದೆ.

ಉಳಿದವು ಎರಡು ಬಿಲ್. ಒಂದು, ನೋಂದಣಿ ಇಲ್ಲದ ಮಾರಾಟಗಾರನಿಂದ 4,000ಕ್ಕೆ ತಂದ ವೈರಿನದ್ದು. ಬಿಲ್ಲಿನಲ್ಲಿ ತೆರಿಗೆಯ ಸಾಲೇ ಇಲ್ಲ. ಅದರೊಳಗೂ ತೆರಿಗೆ ಸೇರಿರುತ್ತದೆ ಅಂದುಕೊಂಡು ಇದನ್ನೂ 110ರಿಂದ ಭಾಗಿಸುವವರಿದ್ದಾರೆ. ಖಂಡಿತ ಬೇಡ. ಆತ ಸರ್ಕಾರಕ್ಕೆ ಕಟ್ಟದ ತೆರಿಗೆಯನ್ನು ನೀವು ನಿಮ್ಮ ತೆರಿಗೆಯಿಂದ ಕಳೆಯುವ ಹಾಗಿಲ್ಲ. ಎರಡನೆಯದು 3,000ದ ಬಿಲ್, ತೆರಿಗೆ 300 ಕೊಟ್ಟದ್ದೂ ನಿಜ. ಆದರೆ ಕೊಳ್ಳುವವರ ಹೆಸರಿನ ಜಾಗದಲ್ಲಿ ಬೇರೆ ಯಾರದೋ ಹೆಸರಿದೆ. ಅದನ್ನು ಪಕ್ಕಕ್ಕಿಡಿ, ಸರಿ ಮಾಡಿಸಿಕೊಳ್ಳಿ, ತಿದ್ದಿದ ಬಿಲ್ ಕೈಗೆ ಬಂದಾಗ ಸೇರಿಸಿ. ಸರಕು ಇಳಿಸಿಕೊಂಡ ದಿನವೇ ಬಿಲ್ ಓದಿದರೆ ಇದು ಒಂದು ಫೋನ್ ಕರೆಯಲ್ಲಿ ಮುಗಿಯುವ ಕೆಲಸ. ತಿಂಗಳ ಕೊನೆಯಲ್ಲಿ ಅದೇ ದೊಡ್ಡ ತಲೆನೋವು.

ಈಗ ಕೂಡಿಸಿ: 6,000, 500, 50. ಖರೀದಿಯ ತೆರಿಗೆ 6,550. ಮಾರಾಟದ 7,800ರಲ್ಲಿ ಇದನ್ನು ಕಳೆದರೆ ಉಳಿಯುವುದು 1,250. ಕಟ್ಟಬೇಕಾದದ್ದು ಇಷ್ಟೇ.

ಸರಿ ಬಂತಾ ಅಂತ ಇನ್ನೊಂದು ದಾರಿಯಲ್ಲೂ ನೋಡಬಹುದು. ವಾಪಸ್ ಬಂದದ್ದನ್ನು ಬಿಟ್ಟು, ತೆರಿಗೆ ಸೇರಿಸದ ಮಾರಾಟ 78,000. ಲೆಕ್ಕಕ್ಕೆ ತೆಗೆದುಕೊಂಡ ಖರೀದಿ 60,000, 5,000, ಫೋನಿನ ಅರ್ಧ 500, ಒಟ್ಟು 65,500. ವ್ಯತ್ಯಾಸ 12,500. ಅದರ ಶೇಕಡಾ 10 ಅಂದರೆ 1,250. ಎರಡೂ ಕೂಡಿ ಬಂದರೆ ಕೂಡಿಕೆಯಲ್ಲಿ ತಪ್ಪಿಲ್ಲ. ಆದರೆ ಎಲ್ಲ ಸರಕಿಗೂ ಒಂದೇ ದರ ಇದ್ದಾಗ ಮಾತ್ರ ಈ ಪರೀಕ್ಷೆ ನಡೆಯುತ್ತದೆ. ಎರಡು ಮೂರು ದರ ಇದ್ದರೆ ಪ್ರತಿ ದರಕ್ಕೂ ಬೇರೆ ಬೇರೆ ಮಾಡಿ. ತೆರಿಗೆ ವಿನಾಯಿತಿ ಇರುವ ಸರಕನ್ನೂ ಮಾರುತ್ತಿದ್ದರೆ, ಆ ಭಾಗಕ್ಕೆ ಬಳಸಿದ ಖರೀದಿಯ ತೆರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ, ಅದನ್ನು ಮೊದಲೇ ಬೇರ್ಪಡಿಸಬೇಕು.

ಇನ್ನೊಂದು ಪ್ರಶ್ನೆ ಎಲ್ಲರಿಗೂ ಬರುತ್ತದೆ: ಮಾರಾಟವಾಗದೆ ಗೋದಾಮಿನಲ್ಲೇ ಉಳಿದ ಸರಕಿನ ತೆರಿಗೆಯ ಗತಿಯೇನು? ಮಾರಾಟವಾಗಲಿ ಅಂತ ಕಾಯಬೇಕಿಲ್ಲ. ಈ ಪದ್ಧತಿಯಲ್ಲಿ ಕೊಂಡ ತಿಂಗಳಲ್ಲೇ ಅದನ್ನು ಮಾರಾಟದ ತೆರಿಗೆಯಿಂದ ಪೂರ್ತಿ ಕಳೆಯಬಹುದು. ಇದರಿಂದ ಅನುಕೂಲವೂ ಇದೆ, ಒಂದು ಅಪಾಯವೂ ಇದೆ.

ಮುಂದಿನ ತಿಂಗಳು ನಮ್ಮ ವ್ಯಾಪಾರಿ ಹಬ್ಬದ ಗಿರಾಕಿಗಳನ್ನು ನೆಚ್ಚಿ 90,000ದ ಸರಕು ತುಂಬಿಸಿದ ಅಂದುಕೊಳ್ಳಿ. ಖರೀದಿಯ ತೆರಿಗೆ 9,000. ಮಾರಾಟದ ತೆರಿಗೆ ಮೊದಲಿನ ಹಾಗೇ 7,800. ಕಟ್ಟುವುದು ಏನೂ ಇಲ್ಲ, ಬದಲಿಗೆ 1,200 ಮಿಕ್ಕಿದೆ. ಅದು ಮುಂದಿನ ತಿಂಗಳಿಗೆ ಹೋಗುತ್ತದೆ, ಕೆಲವು ಕಡೆ ವಾಪಸ್ ಕೇಳಿ ಪಡೆಯಲೂಬಹುದು. ಗಲ್ಲಾದಲ್ಲಿ ದುಡ್ಡು ಓಡಾಡುತ್ತಿರುತ್ತದೆ, ತೆರಿಗೆಯ ಚಿಂತೆಯೂ ಇಲ್ಲ. ಅದರ ಮರು ತಿಂಗಳು ಹಳೇ ಸರಕೇ ಸಾಕಷ್ಟಿದೆ ಅಂತ ಬರೀ 10,000ದ ಸರಕು ತಂದ. ಖರೀದಿಯ ತೆರಿಗೆ 1,000 ಮಾತ್ರ. 7,800ರಲ್ಲಿ ಈ 1,000, ಹಿಂದಿನ 1,200 ಕಳೆದರೆ 5,600 ಕಟ್ಟಬೇಕು! ವ್ಯಾಪಾರ ಅಷ್ಟೇ ಇದೆ, ಆದರೆ 1,250 ಕಟ್ಟಿದ್ದವನಿಗೆ ಒಮ್ಮೆಲೇ 5,600. ಲೆಕ್ಕ ತಪ್ಪಿಲ್ಲ. ಸರಕು ತುಂಬಿಸಿದಾಗ ಮುಂಚೆಯೇ ಕಳೆದ ತೆರಿಗೆ, ಸರಕು ಕರಗುವಾಗ ಈ ರೂಪದಲ್ಲಿ ಎದುರಿಗೆ ಬರುತ್ತದೆ.

ಹಾಗಾಗಿ ತಿಂಗಳ ಕೊನೆಯವರೆಗೆ ಕಾಯದೆ ವಾರಕ್ಕೊಮ್ಮೆ ಈ ಕೂಡು ಕಳೆಯುವ ಲೆಕ್ಕ ಮಾಡಿ. ಆ ವಾರದ ಮಾರಾಟದ ತೆರಿಗೆಯಲ್ಲಿ ಖರೀದಿಯ ತೆರಿಗೆ ಕಳೆದು ಉಳಿದದ್ದನ್ನು ಬೇರೆ ಖಾತೆಗೆ ಹಾಕಿಬಿಡಿ. ಸರಕು ತುಂಬಿಸಿದ ವಾರ ಅಲ್ಲಿ ಹಾಕುವುದಕ್ಕೆ ಏನೂ ಇರುವುದಿಲ್ಲ. ಆ ವಾರವೂ ಮಾಮೂಲಿ ವಾರದಷ್ಟೇ ಹಾಕಿಡಿ, ಸರಕು ಕರಗುವ ತಿಂಗಳಿಗೆ ಬೇಕಾಗುವುದು ಆ ದುಡ್ಡೇ.