‘ಹೂ ಇಸ್ ಇಟ್ ಫಾರ್?’: ಔಷಧಿ ಅಂಗಡಿಯ ಸಂಭಾಷಣೆ ಕಲಿಸಿದ ಅನುಭವ

ಇಂಗ್ಲೆಂಡಿನಲ್ಲಿರುವ ಮಕ್ಕಳ ಮನೆಗೆ ಹೊರಟ ಮೂವರು ಅಮ್ಮಂದಿರಿಗೆ ಮನೆಯಲ್ಲೇ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಔಷಧಿ ಅಂಗಡಿಯ ಪಾಠಕ್ಕೆ ಮೊದಲು ನಮ್ಮೂರಿನ ಮೆಡಿಕಲ್ ಶಾಪ್‌ನಂತೆಯೇ ಬರೆದಿದ್ದೆ: ಹೆಸರು ಹೇಳು, ದುಡ್ಡು ಕೊಡು, ಸ್ಟ್ರಿಪ್ ತಗೋ. ಅಲ್ಲಿ ಹಾಗಲ್ಲ, ಕೌಂಟರಿನವರೇ ಪ್ರಶ್ನೆ ಕೇಳುತ್ತಾರೆ. ಯಾರಿಗೆ, ಏನಾಗಿದೆ, ಎಷ್ಟು ದಿನದಿಂದ, ಏನು ತಗೊಂಡಿದ್ದೀರಿ, ಬೇರೆ ಮಾತ್ರೆ ಇದೆಯೇ. ಈ ಐದರ ಮೇಲೇ ಮತ್ತೆ ಬರೆದೆ.

– ಸಮ್‌ಥಿಂಗ್ ಫಾರ್ ಫೀವರ್, ಪ್ಲೀಸ್.
– ಹೂ ಇಸ್ ಇಟ್ ಫಾರ್?
– ಮೈ ಹಸ್ಬೆಂಡ್.
– ಎನಿ ಅದರ್ ಸಿಂಪ್ಟಮ್ಸ್?
– ಬಾಡಿ ಪೇನ್.
– ಹೌ ಲಾಂಗ್ ಹ್ಯಾಸ್ ಹಿ ಹ್ಯಾಡ್ ಇಟ್?
– ಟು ಡೇಸ್.
– ಹ್ಯಾಸ್ ಹಿ ಟೇಕನ್ ಎನಿಥಿಂಗ್?
– ನೋ.
– ಎನಿ ಅದರ್ ಮೆಡಿಸಿನ್ಸ್?
– ಯೆಸ್, ಫಾರ್ ಬಿಪಿ.
– ಪ್ಯಾರಾಸಿಟಮಾಲ್. ಒನ್ ಆರ್ ಟು ಟ್ಯಾಬ್ಲೆಟ್ಸ್, ಅಪ್ ಟು ಫೋರ್ ಟೈಮ್ಸ್ ಎ ಡೇ.

ಊಟದ ಮೇಜೇ ಕೌಂಟರ್, ಖಾಲಿ ಮಾತ್ರೆ ಡಬ್ಬಿಗಳೇ ಸರಕು. ಎರಡನೆಯ ಸಾಲಿಗೇ ಎಡವಟ್ಟು. ನಾನು ‘ಹೂ’ ಎಂದದ್ದೇ ತಡ, ಒಬ್ಬರು ‘ಯೆಸ್, ಯೆಸ್’ ಅಂದುಬಿಟ್ಟರು. ‘ನೀವೇ ಹೂಂ ಅಂದ್ರಲ್ಲ ಮೇಡಂ!’ ಮನೆಯೆಲ್ಲ ನಗು. ಅಲ್ಲಿಂದ ಮುಂದೆ, ಮೊದಲ ಪದ ಕೇಳಿಯೇ ಯೆಸ್ ಅನ್ನಬಾರದು, ಪೂರ್ತಿ ಕೇಳಿದ ಮೇಲೆ ಉತ್ತರ ಅಂತ ನಿಯಮ ಮಾಡಿದೆವು. ಅರ್ಥವಾಗದಿದ್ದರೆ ‘ಸಾರಿ, ಸ್ಲೋಲಿ ಪ್ಲೀಸ್.’ ಬೇಕಂತಲೇ ಗಡಿಬಿಡಿಯಲ್ಲಿ ಮಾತಾಡಿ ಅದನ್ನು ಅವರ ಬಾಯಿಂದ ಹೊರಡಿಸುತ್ತಿದ್ದೆ.

ಕೊನೆಯ ಸಾಲನ್ನು ಅವರು ತಿರುಗಿ ಹೇಳಲೇಬೇಕು: ‘ಸೋ, ಟು ಟ್ಯಾಬ್ಲೆಟ್ಸ್, ಫೋರ್ ಟೈಮ್ಸ್ ಎ ಡೇ?’ ಒಬ್ಬರು ‘ಫೋರ್ ಟ್ಯಾಬ್ಲೆಟ್ಸ್, ಟು ಟೈಮ್ಸ್’ ಅಂದರು. ಲೆಕ್ಕಕ್ಕೆ ದಿನಕ್ಕೆ ಎಂಟೇ, ಆದರೆ ಒಂದೇ ಸಲಕ್ಕೆ ನಾಲ್ಕು ನುಂಗಿದ ಹಾಗಾಯಿತು! ದೊಡ್ಡವರಿಗೆ 500 ಮಿಲಿಗ್ರಾಂನದು ಒಂದು ಸಲಕ್ಕೆ ಎರಡಕ್ಕಿಂತ ಹೆಚ್ಚು ಬೇಡ, ನಡುವೆ ಕನಿಷ್ಠ 4 ಗಂಟೆ ಅಂತರ, 24 ಗಂಟೆಯಲ್ಲಿ ಎಂಟನ್ನು ದಾಟಬಾರದು. ಎರಡು ಹುಣಸೆಬೀಜ ಎಣಿಸಿ ಅವರ ಅಂಗೈಗೆ ಹಾಕಿದ ಮೇಲೆ ಸರಿಹೋಯಿತು.

ಆಮೇಲೆ ಒಂದೊಂದೇ ಪದ ಬದಲಾಯಿಸಿದೆವು. ಮೊಮ್ಮಗನಿಗಾದರೆ ‘ಹಿ ಇಸ್ ತ್ರೀ ಇಯರ್ಸ್ ಓಲ್ಡ್’ ಅಂತ ವಯಸ್ಸು ಮೊದಲು. ‘ಲೂಸ್ ಮೋಷನ್’ ಅಲ್ಲಿ ನಡೆಯದು, ‘ಡಯರಿಯಾ’ ಅನ್ನಬೇಕು. ಅಮೆರಿಕಕ್ಕೆ ಹೋಗುವವರಿಗೆ ಪ್ಯಾರಾಸಿಟಮಾಲ್ ಬದಲು ‘ಅಸಿಟಮಿನೊಫೆನ್’. ನಾಲಿಗೆ ಹೊರಳದಿದ್ದರೆ ಚೀಟಿಯಲ್ಲಿ ಬರೆದು ತೋರಿಸಿ ಅಂದೆ.

ನನಗೆ ಮುಖ್ಯವೆನಿಸಿದ ಬದಲಾವಣೆ ಬೇರೆ. ಜ್ವರದ ಮಾತ್ರೆಯ ಜೊತೆ ನೆಗಡಿಯ ಪುಡಿಯನ್ನೂ ಕೇಳಿಸಿದೆ. ಅಂಥ ಪುಡಿಗಳಲ್ಲಿ ಎಷ್ಟೋ ಸಲ ಪ್ಯಾರಾಸಿಟಮಾಲ್ ಇದ್ದೇ ಇರುತ್ತದೆ. ಆಗ ಕೇಳಬೇಕಾದ್ದು: ‘ಕ್ಯಾನ್ ಐ ಟೇಕ್ ಬೋತ್?’ ನಾನು ‘ನೋ’ ಅಂದ ಕೂಡಲೇ ಆ ‘ಹೂಂ’ ಅಮ್ಮ ಪುಡಿಯ ಡಬ್ಬಿಯನ್ನು ನನ್ನತ್ತ ವಾಪಸ್ ತಳ್ಳಿ, ಮಾತ್ರೆಯ ಡಬ್ಬಿ ತೋರಿಸಿ ‘ದೆನ್ ಓನ್ಲಿ ದಿಸ್’ ಅಂದರು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.