ಊರಿನಲ್ಲಿ ಕಂಡ ಸಿನಿಮಾ ಪರದೇಶದ ಪರದೆಯಿಂದ ಮಾಯವಾಗುವುದೇಕೆ? ಅಲ್ಲಿ ಸಿಗುವ ಕನ್ನಡ ಚಿತ್ರಗಳನ್ನು ಹುಡುಕುವುದು ಹೇಗೆ?

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ನನ್ನ ಅಕ್ಕನ ಮಗಳು ದಸರಾ ರಜೆಗೆ ಮೈಸೂರಿಗೆ ಬಂದಿದ್ದಾಗ ಒಂದು ಕನ್ನಡ ಚಿತ್ರವನ್ನು ಅರ್ಧ ನೋಡಿ, ಉಳಿದದ್ದನ್ನು ಮನೆಗೆ ಹೋಗಿ ನೋಡೋಣವೆಂದು ತನ್ನ ಪಟ್ಟಿಗೆ ಸೇರಿಸಿಕೊಂಡಿದ್ದಳು. ವಾಪಸು ಹೋಗಿ ಟಿ.ವಿ. ಹಾಕಿದರೆ ಪಟ್ಟಿಯಲ್ಲಿ ಆ ಚಿತ್ರವೇ ಇರಲಿಲ್ಲ. ‘ಚಿಕ್ಕಮ್ಮ, ಅದೇ ಅಕೌಂಟು, ಅದೇ ಪಾಸ್‌ವರ್ಡು, ದುಡ್ಡನ್ನೂ ತಪ್ಪದೆ ಕಟ್ಟುತ್ತಿದ್ದೇನೆ, ಚಿತ್ರ ಎಲ್ಲಿಗೆ ಹೋಯಿತು?’ ಎಂದು ಅವಳು ಫೋನಿನಲ್ಲಿ ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಕಾರಣ.

ಚಿತ್ರ ಎಲ್ಲಿಗೂ ಹೋಗಿರಲಿಲ್ಲ. ಅವಳು ದಾಟಿದ್ದು ಒಂದು ಒಪ್ಪಂದದ ಗಡಿ. ನಿರ್ಮಾಪಕರು ಒಟಿಟಿ ಸಂಸ್ಥೆಗೆ ಕೊಡುವುದು ಚಿತ್ರವನ್ನಲ್ಲ, ಅದನ್ನು ತೋರಿಸುವ ಹಕ್ಕನ್ನು. ಆ ಹಕ್ಕು ಯಾವ ದೇಶಗಳಿಗೆ, ಎಷ್ಟು ವರ್ಷಕ್ಕೆ, ಯಾವ ಭಾಷೆಯ ಆವೃತ್ತಿಗೆ ಎಂಬ ಮೂರು ಅಳತೆಗಳಲ್ಲಿ ತುಂಡಾಗುತ್ತದೆ. ಭಾರತದ ಹಕ್ಕನ್ನು ಒಂದು ಸಂಸ್ಥೆಗೂ ಹೊರದೇಶದ ಹಕ್ಕನ್ನು ಇನ್ನೊಂದಕ್ಕೂ ಮಾರಬಹುದು. ಹೊರದೇಶದ ಹಕ್ಕನ್ನು ಯಾರೂ ಕೊಳ್ಳದೆಯೂ ಇರಬಹುದು. ಹಳೆಯ ಚಿತ್ರಗಳ ಪಾಡು ಇನ್ನೂ ಕಷ್ಟದ್ದು. ಅವುಗಳ ಕರಾರು ಪತ್ರ ಬರೆದ ಕಾಲದಲ್ಲಿ ಇಂಟರ್ನೆಟ್ ಎಂಬುದೇ ಇರಲಿಲ್ಲವಾದ್ದರಿಂದ, ಈ ಹೊಸ ಬಗೆಯ ಪ್ರದರ್ಶನಕ್ಕೆ ಒಪ್ಪಿಗೆ ಕೊಡಬೇಕಾದವರು ಯಾರು ಎಂಬುದನ್ನೇ ಮೊದಲು ಇತ್ಯರ್ಥ ಮಾಡಬೇಕಾಗುತ್ತದೆ.

ಭಾಷೆಯ ಅಳತೆಯನ್ನು ಬಹಳ ಮಂದಿ ಗಮನಿಸುವುದಿಲ್ಲ. 2022ರ ‘ಕಾಂತಾರ’ವನ್ನೇ ನೋಡಿ. ಅದರ ಕನ್ನಡ ಆವೃತ್ತಿ ಆ ವರ್ಷದ ನವೆಂಬರ್ 24ರಂದು ಪ್ರೈಮ್ ವಿಡಿಯೊದಲ್ಲಿ ಬಂತು. ಹಿಂದಿ ಆವೃತ್ತಿ ಡಿಸೆಂಬರ್ 9ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಒಂದೇ ಚಿತ್ರ, ಎರಡು ಮನೆ. ಪರದೇಶದ ಕನ್ನಡಿಗರೊಬ್ಬರು ನೆಟ್‌ಫ್ಲಿಕ್ಸ್‌ನಲ್ಲಿ ಹೆಸರು ಕಂಡ ಕೂಡಲೇ ಒತ್ತಿ, ದಕ್ಷಿಣ ಕನ್ನಡದ ಮಾತು ಕೇಳಬೇಕಾದಲ್ಲಿ ಹಿಂದಿ ಕೇಳಿ ಬೇಸರಪಟ್ಟರೆ ಅದು ತಾಂತ್ರಿಕ ದೋಷವಲ್ಲ, ಮಾರಾಟವಾದ ಹಕ್ಕಿನ ಫಲ. ಆದ್ದರಿಂದ ‘ಚಿತ್ರ ನನ್ನ ದೇಶದಲ್ಲಿದೆಯೇ’ ಎಂದು ಕೇಳಿದರೆ ಸಾಲದು, ‘ಕನ್ನಡ ಧ್ವನಿಯಲ್ಲಿ ಇದೆಯೇ’ ಎಂದೂ ಕೇಳಬೇಕು.

ಈಗ ಹುಡುಕುವ ಕೆಲಸಕ್ಕೆ ಬರೋಣ. ಮೊದಲ ಹೆಜ್ಜೆ, ನಿಮಗೆ ಕಾಣುತ್ತಿರುವುದು ಯಾವ ದೇಶದ ಪಟ್ಟಿ ಎಂದು ಖಚಿತಪಡಿಸಿಕೊಳ್ಳುವುದು. ಒಟಿಟಿ ಸಂಸ್ಥೆಗಳು ಮುಖ್ಯವಾಗಿ ನಿಮ್ಮ ಇಂಟರ್ನೆಟ್ ಸಂಪರ್ಕದ ಐಪಿ ವಿಳಾಸದಿಂದ ದೇಶವನ್ನು ಗುರುತಿಸುತ್ತವೆ. ಕೆಲವು ಸಂಸ್ಥೆಗಳು ಖಾತೆಯಲ್ಲಿ ನಮೂದಾದ ದೇಶವನ್ನೂ ನೋಡುತ್ತವೆ. ಐಟಿ ಉದ್ಯೋಗದಲ್ಲಿರುವವರು ಇಲ್ಲೊಂದು ಕಡೆ ಎಡವುತ್ತಾರೆ: ಕಚೇರಿಯ ಲ್ಯಾಪ್‌ಟಾಪ್‌ನಲ್ಲಿ ಕಂಪನಿಯ ವಿಪಿಎನ್ ಚಾಲೂ ಇದ್ದರೆ ಸಂಪರ್ಕ ಬೇರೊಂದು ದೇಶದ ಮೂಲಕ ಹೋಗಿ, ಪಟ್ಟಿಯೂ ಆ ದೇಶದ್ದಾಗಬಹುದು, ಅಥವಾ ಚಿತ್ರ ಓಡದೆ ನಿಲ್ಲಬಹುದು. ಮನೆಯ ಟಿ.ವಿ.ಯಲ್ಲಿ ಕಾಣುವ ಚಿತ್ರ ಲ್ಯಾಪ್‌ಟಾಪ್‌ನಲ್ಲಿ ಕಾಣದಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ದೇಶ ಮರೆಮಾಚಲೆಂದೇ ವಿಪಿಎನ್ ಬಳಸುವುದು ಬಹುತೇಕ ಸಂಸ್ಥೆಗಳ ನಿಯಮಕ್ಕೆ ವಿರುದ್ಧ. ಆ ದಾರಿಯನ್ನು ನಾನು ಹೇಳಿಕೊಡುವುದಿಲ್ಲ.

ಐರೋಪ್ಯ ಒಕ್ಕೂಟದಲ್ಲಿರುವವರಿಗೆ ಒಂದು ಅನುಕೂಲವುಂಟು. 2018ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಹಣ ಕಟ್ಟಿ ಪಡೆದ ಸೇವೆ ಒಕ್ಕೂಟದೊಳಗಿನ ಇನ್ನೊಂದು ದೇಶಕ್ಕೆ ತಾತ್ಕಾಲಿಕವಾಗಿ ಹೋದಾಗಲೂ ಮನೆಯಲ್ಲಿ ಸಿಗುವಂತೆಯೇ ಸಿಗಬೇಕು. ಜರ್ಮನಿಯ ಚಂದಾದಾರರು ರಜೆಗೆ ಫ್ರಾನ್ಸಿಗೆ ಹೋದರೆ ಅವರಿಗೆ ಕಾಣಬೇಕಾದ್ದು ಜರ್ಮನಿಯ ಪಟ್ಟಿಯೇ. ಬ್ರಿಟನ್ನಿಗೆ ಹೋದರೆ 2021ರಿಂದ ಈ ಹಕ್ಕಿಲ್ಲ, ಭಾರತಕ್ಕೆ ಬಂದರಂತೂ ಇಲ್ಲವೇ ಇಲ್ಲ. ಅಕ್ಕನ ಮಗಳ ಪಟ್ಟಿ ಮೈಸೂರಿನಲ್ಲಿ ಬದಲಾದದ್ದು ಹೀಗೆ.

ಎರಡನೆಯ ಹೆಜ್ಜೆಯೇ ಮುಖ್ಯವಾದದ್ದು. ಒಂದೊಂದು ಆ್ಯಪ್‌ನ ಹುಡುಕು ಪಟ್ಟಿಯಲ್ಲಿ ಒಂದೊಂದು ಹೆಸರು ಬರೆದು ಸಮಯ ಕಳೆಯುವ ಬದಲು themoviedb.org ತಾಣದ ಚಲನಚಿತ್ರ ಪುಟವನ್ನು ಕಂಪ್ಯೂಟರ್‌ನಲ್ಲಿ ತೆರೆಯಿರಿ. ಎಡಗಡೆಯ Where To Watch ಎಂಬಲ್ಲಿ ನೀವಿರುವ ದೇಶವನ್ನು ಆರಿಸಿ, ನೀವು ಚಂದಾ ಕಟ್ಟಿರುವ ಸೇವೆಗಳ ಚಿಹ್ನೆಗಳನ್ನು ಒತ್ತಿರಿ. ಬಳಿಕ Filters ವಿಭಾಗದ Language ಎಂಬಲ್ಲಿ Kannada ಆರಿಸಿ Search ಒತ್ತಿರಿ. ದೇಶವನ್ನಷ್ಟೇ ಆರಿಸಿ ಚಿಹ್ನೆಗಳನ್ನು ಒತ್ತದೆ ಬಿಟ್ಟರೆ, ಎಲ್ಲೂ ಸಿಗದ ಚಿತ್ರಗಳೂ ಸೇರಿ ಉದ್ದನೆಯ ಪಟ್ಟಿ ಬಂದು ಆಸೆ ಹುಟ್ಟಿಸುತ್ತದೆ. ಪಟ್ಟಿ ಅನುಮಾನ ಬರುವಷ್ಟು ಉದ್ದವಾಗಿದ್ದರೆ ಹಿಂದಕ್ಕೆ ಹೋಗಿ ಚಿಹ್ನೆಗಳನ್ನು ಪರೀಕ್ಷಿಸಿ. ಇಲ್ಲಿ ಭಾಷೆಯೆಂದರೆ ಮೂಲ ಭಾಷೆ. ತೆಲುಗಿನಿಂದಲೋ ತಮಿಳಿನಿಂದಲೋ ಕನ್ನಡಕ್ಕೆ ಡಬ್ ಆದ ಚಿತ್ರಗಳು ಇದರಲ್ಲಿ ಬರುವುದಿಲ್ಲ.

ಒಂದೇ ಚಿತ್ರವನ್ನು ವಿಚಾರಿಸುವುದಾದರೆ justwatch.com ಸುಲಭ. ಅದರ ವಿಳಾಸದಲ್ಲೇ ದೇಶದ ಗುರುತು ಇರುತ್ತದೆ: ಜರ್ಮನಿಗೆ /de, ಅಮೆರಿಕಕ್ಕೆ /us, ಭಾರತಕ್ಕೆ /in. ಊರಿನವರು ಕಳಿಸಿದ ಕೊಂಡಿಯಲ್ಲಿ /in ಇದ್ದರೆ ನೀವು ಓದುತ್ತಿರುವುದು ಭಾರತದ ಉತ್ತರ. ಇನ್ನೊಂದು ಮಾತು: ಎಲ್ಲಿ ನೋಡಬಹುದೆಂಬ ಮಾಹಿತಿಯನ್ನು themoviedb.org ಕೂಡ justwatch.com ನಿಂದಲೇ ಪಡೆಯುತ್ತದೆ. ಎರಡೂ ಕಡೆ ಒಂದೇ ಉತ್ತರ ಬಂತೆಂದು ಅದನ್ನು ಎರಡು ಸಾಕ್ಷಿಗಳೆಂದು ಎಣಿಸಬಾರದು.

ಹೆಸರಿನ ಕಾಗುಣಿತವೂ ಕಾಡುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ದೀರ್ಘಸ್ವರಗಳನ್ನು ಒಬ್ಬರು ಒಂದು a ಹಾಕಿ, ಮತ್ತೊಬ್ಬರು ಎರಡು ಹಾಕಿ ಬರೆಯುತ್ತಾರೆ. ಚಿತ್ರ ಸಿಗದಿದ್ದರೆ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆದು ನೋಡಿ. ಅದೂ ಫಲಿಸದಿದ್ದರೆ ನಿರ್ದೇಶಕರ ಅಥವಾ ನಟರ ಹೆಸರಿನಿಂದ ಹುಡುಕಿ.

ಕೊನೆಯ ಪರೀಕ್ಷೆ ಆ್ಯಪ್‌ನಲ್ಲೇ ನಡೆಯಬೇಕು. ಚಿತ್ರದ ಪುಟ ತೆರೆದು ಧ್ವನಿ ಭಾಷೆಗಳ ಸಾಲಿನಲ್ಲಿ ಕನ್ನಡವಿದೆಯೇ ಎಂದು ನೋಡಿ. ಕೆಲವು ಸೇವೆಗಳು ಒಂದೇ ಚಿತ್ರದ ಪ್ರತಿ ಭಾಷೆಗೂ ಬೇರೆ ಬೇರೆ ಪುಟ ಇಡುವುದರಿಂದ, ಮೊದಲು ಕಂಡದ್ದು ಬೇರೆ ಭಾಷೆಯದಾದರೆ ಅಲ್ಲಿಗೇ ಬಿಡದೆ ಕೆಳಗಿನ ಫಲಿತಾಂಶಗಳನ್ನೂ ನೋಡಬೇಕು. ನೆಟ್‌ಫ್ಲಿಕ್ಸ್‌ ಚಂದಾದಾರರು ಬ್ರೌಸರ್‌ನಲ್ಲಿ ತೆರೆದರೆ ಮೇಲುಸಾಲಿನಲ್ಲಿ Browse by Languages ಎಂಬುದು ಸಿಗುತ್ತದೆ. ಅಲ್ಲಿ ಮೂಲ ಭಾಷೆ, ಡಬ್ಬಿಂಗ್, ಸಬ್‌ಟೈಟಲ್ ಎಂದು ಬೇರೆ ಬೇರೆಯಾಗಿ ಆರಿಸಬಹುದಾದ್ದರಿಂದ themoviedb.org ಪಟ್ಟಿಯಲ್ಲಿ ಬಾರದ ಡಬ್ ಚಿತ್ರಗಳೂ ಸಿಗುತ್ತವೆ. ಟಿ.ವಿ.ಯಲ್ಲಿ ಎಲ್ಲ ಭಾಷೆಗಳನ್ನೂ ತೋರಿಸದಿರಬಹುದು, ಆದ್ದರಿಂದ ಟಿ.ವಿ. ಇಲ್ಲವೆಂದ ಮಾತ್ರಕ್ಕೆ ಇಲ್ಲವೆಂದು ತೀರ್ಮಾನಿಸಬೇಡಿ.

ಅಕ್ಕನ ಮಗಳು ಹುಡುಕುತ್ತಿದ್ದ ಚಿತ್ರ ಅವಳ ದೇಶದಲ್ಲಿ ಚಂದಾದಡಿ ಸಿಗಲಿಲ್ಲ, ಬಾಡಿಗೆಗೆ ಇತ್ತು. ಹಣ ಕೊಡುವ ಮೊದಲು ಅವಳು ಟ್ರೇಲರ್ ಓಡಿಸಿ, ಧ್ವನಿಯ ಸಾಲು ಓದಿ, ಕನ್ನಡವೇ ಎಂದು ಖಾತ್ರಿ ಮಾಡಿಕೊಂಡಳು. ಈಗ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿದ್ದಾಳೆ: ಚಿತ್ರದ ಹೆಸರು, ಸೇವೆ, ಧ್ವನಿ, ನೋಡಿ ಖಚಿತಪಡಿಸಿಕೊಂಡ ತಾರೀಖು. ಹಕ್ಕಿನ ಅವಧಿ ಮುಗಿದ ಚಿತ್ರಗಳು ಪಟ್ಟಿಯಿಂದ ಇಳಿಯುವುದರಿಂದ ಆ ತಾರೀಖಿನ ಕಾಲಂ ಅನ್ನು ಮಾತ್ರ ಪೆನ್ಸಿಲ್ಲಿನಲ್ಲಿ ಬರೆಯುತ್ತಾಳೆ.