ಕಳಿಸಿದ ಪೇಪರ್ ವಾಪಸ್ ಪಡೆದೆ: ಎಡಿಟರ್‌ಗೆ ನಾನು ಬರೆದದ್ದು

ಪೇಪರ್ ಕಳಿಸಿ ಐದು ವಾರ ಆಗಿತ್ತು. ಜರ್ನಲ್ ಸೈಟಿನಲ್ಲಿ `Under Review` ಅಂತ ತೋರಿಸುತ್ತಿತ್ತು. ದಿನಕ್ಕೆ ನಾಲ್ಕು ಸಲ ಅದನ್ನೇ ತೆಗೆದು ನೋಡುತ್ತಿದ್ದೆ. ಆಗಲೇ ಗೊತ್ತಾಗಿದ್ದು, ಒಳಗಿರುವ ಅರ್ಧ ಲೆಕ್ಕ ತಪ್ಪು ಅಂತ.

ಪೇಪರ್ ಇದ್ದದ್ದು ಪಾವಗಡ ಕಡೆಯ 38 ಬೋರ್‌ವೆಲ್‌ಗಳ ಫ್ಲೋರೈಡ್ ಬಗ್ಗೆ. ಮೇ ತಿಂಗಳಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ನವೆಂಬರ್‌ನಲ್ಲಿ ಒಮ್ಮೆ ನೀರು ತಂದು ಅಳೆದಿದ್ದೆ. ಮೇ ಸರಾಸರಿ ಲೀಟರಿಗೆ 2.3 ಮಿಲಿಗ್ರಾಂ, ನವೆಂಬರ್ ಸರಾಸರಿ 1.1. ಮಳೆ ನೀರು ಇಂಗಿ ಫ್ಲೋರೈಡ್ ಅರ್ಧಕ್ಕೆ ಇಳಿದಿದೆ ಅಂತ ಬರೆದೆವು, ಶೀರ್ಷಿಕೆಯಲ್ಲೂ ಅದನ್ನೇ ಹಾಕಿದೆವು. ಹೆಚ್ಚು ಕಮ್ಮಿ ಅರ್ಧವೇ ಹೇಗಾಯಿತು ಅಂತ ಅನುಮಾನ ಬರಬೇಕಿತ್ತು. ಬರಲಿಲ್ಲ. ಖುಷಿಯಲ್ಲಿದ್ದೆ ನೋಡಿ.

ತಪ್ಪು ಆದದ್ದು ಹೀಗೆ. ಫ್ಲೋರೈಡ್ ಎಲೆಕ್ಟ್ರೋಡ್‌ನಲ್ಲಿ ಅಳೆಯುವಾಗ ನೀರಿಗೆ ಟಿಸ್ಯಾಬ್ ಅನ್ನೋ ಬಫರ್ ಬೆರೆಸುತ್ತೇವೆ, ನಮ್ಮ ಲ್ಯಾಬಿನಲ್ಲಿ ಸಮ ಸಮ, 10 ಮಿಲಿ ನೀರಿಗೆ 10 ಮಿಲಿ ಟಿಸ್ಯಾಬ್. ಮೇ ತಿಂಗಳಲ್ಲಿ, ಮೀಟರ್ ಹೊಂದಿಸೋಕೆ ಇಡುವ, ಫ್ಲೋರೈಡ್ ಎಷ್ಟಿದೆ ಅಂತ ಮೊದಲೇ ಗೊತ್ತಿರುವ ಸ್ಟ್ಯಾಂಡರ್ಡ್ ದ್ರಾವಣಕ್ಕೂ ಹಾಗೇ ಸಮ ಬೆರೆಸಿ, ಮೀಟರಿಗೆ ಬೆರೆಸುವ ಮುಂಚಿನ ಬೆಲೆ ಕೊಟ್ಟಿದ್ದೆ. ಎರಡೂ ಕಡೆ ಒಂದೇ ಥರ ತೆಳುವಾಗುವುದರಿಂದ ಮೀಟರ್ ತೋರಿಸಿದ್ದೇ ಉತ್ತರ. ನವೆಂಬರ್‌ನಲ್ಲಿ ಸ್ಟ್ಯಾಂಡರ್ಡ್‌ಗಳನ್ನು ಬೇರೆ ಥರ ಮಾಡಿದೆ, 100 ಮಿಲಿ ಫ್ಲಾಸ್ಕಿಗೆ ಟಿಸ್ಯಾಬ್ 50 ಮಿಲಿ ಮೊದಲೇ ಹಾಕಿ, ಕೊನೆಯಲ್ಲಿ ಫ್ಲಾಸ್ಕಿನಲ್ಲಿ ಎಷ್ಟಿದೆಯೋ ಆ ಬೆಲೆಯನ್ನೇ ಚೀಟಿಯಲ್ಲಿ ಬರೆದೆ. ಹಾಗೆ ಮಾಡಿದರೂ ತಪ್ಪೇನಿಲ್ಲ, ಆದರೆ ನೀರಿನ ರೀಡಿಂಗ್ ಅನ್ನು ಎರಡರಿಂದ ಗುಣಿಸಬೇಕು. ನಾನು ಮೇ ತಿಂಗಳ ಎಕ್ಸೆಲ್ ಶೀಟನ್ನೇ ಕಾಪಿ ಮಾಡಿದ್ದೆ, ಅದರಲ್ಲಿ ಗುಣಿಸುವುದೇ ಇರಲಿಲ್ಲ.

ಗೊತ್ತಾಗಿದ್ದು ಜೂನಿಯರ್ ಹುಡುಗಿಯಿಂದ. ಎಂಎಸ್ಸಿ ಪ್ರಾಜೆಕ್ಟಿಗೆ ಅಂತ ನನ್ನ ನವೆಂಬರ್ ಬಾಟಲಿ ಒಂದನ್ನು ಅಳೆದು, "ಅಣ್ಣಾ, ನಿಮ್ಮ ಶೀಟಲ್ಲಿ 1.1 ಇದೆ, ನನಗೆ 2.2 ಬರ್ತಿದೆ" ಅಂದಳು. ಮೊದಲು ಅವಳದ್ದೇ ತಪ್ಪು ಅಂದೆ. ಫ್ರಿಜ್‌ನಲ್ಲಿ ಇನ್ನೂ ಒಂಬತ್ತು ಪ್ಲಾಸ್ಟಿಕ್ ಬಾಟಲಿ ಉಳಿದಿದ್ದವು, ಕೂತು ಎಲ್ಲವನ್ನೂ ಅಳೆದೆ. ಒಂಬತ್ತೂ ಹೆಚ್ಚು ಕಮ್ಮಿ ಎರಡು ಪಟ್ಟು. ಆಮೇಲೆ ಕ್ಲೋರೈಡ್ ಕಾಲಂ ನೋಡಿದೆ, 180 ಇದ್ದದ್ದು 165 ಆಗಿತ್ತು, ಅಷ್ಟೇ. ಮಳೆ ನೀರು ಬೆರೆತು ಫ್ಲೋರೈಡ್ ಅರ್ಧ ಆಗಿದ್ದರೆ ಕ್ಲೋರೈಡೂ ಅದರ ಹತ್ತಿರ ಇಳಿಯಬೇಕಿತ್ತಲ್ವಾ? ಆ ಟೇಬಲ್ ಪೇಪರಿನಲ್ಲೇ ಇತ್ತು, ನಾವ್ಯಾರೂ ನೋಡಲಿಲ್ಲ.

ಗೈಡ್ ಹತ್ತಿರ ಹೋಗಿ ಹೇಳಿದೆ. ಬೈಯಲಿಲ್ಲ, ಎರಡೂ ಶೀಟ್ ಮುಂದಿಟ್ಟುಕೊಂಡು ನೋಡಿದರು. ಇನ್ನೊಬ್ಬ ಸಹಲೇಖಕರು ಫೋನಿನಲ್ಲಿ, "ರಿವ್ಯೂ ಬರಲಿ ಬಿಡಿ, ರಿವಿಷನ್‌ನಲ್ಲಿ ಸರಿ ಮಾಡಿದರಾಯ್ತು" ಅಂದರು. ಇದು ಸುಮ್ನೆ ಹೇಳಿದ ಮಾತಲ್ಲ, ಎಷ್ಟೋ ತಪ್ಪುಗಳನ್ನು ಹಾಗೆ ಸರಿ ಮಾಡಬಹುದು. ಒಂದು ಟೇಬಲ್‌ನಲ್ಲಿ ನಾಲ್ಕು ಅಂಕಿ ತಪ್ಪಾಗಿ, ತೀರ್ಮಾನ ಹಾಗೇ ಉಳಿಯುವುದಾದರೆ ಎಡಿಟರ್‌ಗೆ ಒಂದು ಮೇಲ್ ಹಾಕಿ, ತಿದ್ದಿದ ಪ್ರತಿ ಕಳಿಸಲೇ ಅಂತ ಕೇಳಿದರೆ ಸಾಕು. ನಮ್ಮದರಲ್ಲಿ ತೀರ್ಮಾನವೇ ಬಿದ್ದುಹೋಗಿತ್ತು. ಗುಣಿಸಿದ ಮೇಲೆ ನವೆಂಬರ್ ಸರಾಸರಿ 2.2, ಅಂದರೆ ಮಳೆಯಿಂದ ಹೆಚ್ಚೇನೂ ಬದಲಾಗಿಲ್ಲ. ಕುಡಿಯುವ ನೀರಿಗೆ ಬಿಐಎಸ್ ಹೇಳುವ 1.5ರ ಮಿತಿಯೊಳಗೆ 31 ಬೋರ್‌ವೆಲ್ ಬಂದಿವೆ ಅಂತ ಬರೆದಿದ್ದೆವು, ಈಗ ಉಳಿದದ್ದು ಆರು. ಶೀರ್ಷಿಕೆ, ಸಾರಾಂಶ, ಚರ್ಚೆ ಎಲ್ಲಾ ಹೋದ ಮೇಲೆ ರಿವ್ಯೂವರ್‌ಗಳು ಓದುತ್ತಿರುವುದು ಯಾವ ಪೇಪರ್? ಅವರು ಸಂಬಳ ಇಲ್ಲದೆ ಓದುವವರು ಬೇರೆ. ಅದೇ ಸಂಜೆ ವಾಪಸ್ ಪಡೆಯೋದು ಅಂತ ತೀರ್ಮಾನ ಮಾಡಿದೆವು. ಅಚ್ಚಾದ ಮೇಲೆ ಗೊತ್ತಾಗಿದ್ದರೆ ಅದು ರಿಟ್ರಾಕ್ಷನ್, ಪೇಪರ್ ಹೆಸರಿನ ಜೊತೆ ಆ ನೋಟಿಸ್ ಶಾಶ್ವತವಾಗಿ ಉಳಿಯುತ್ತದೆ. ಅಚ್ಚಿಗೆ ಮುಂಚೆ ಇದು ಬರೀ ವಿತ್‌ಡ್ರಾವಲ್, ಜರ್ನಲ್ ಆಫೀಸಿನ ದಾಖಲೆಯಲ್ಲಿ ಮಾತ್ರ ಇರುತ್ತದೆ.

ನನ್ನ ಮೊದಲ ಡ್ರಾಫ್ಟ್‌ನಲ್ಲಿ "ಅನಿವಾರ್ಯ ಕಾರಣಗಳಿಂದ" ಅಂತ ಬರೆದಿದ್ದೆ. ರಜೆ ಚೀಟಿ ಬರೆದು ಬರೆದು ಬಂದ ಅಭ್ಯಾಸ ಅದು. ಗೈಡ್ ಸರ್ ಅದನ್ನು ಹೊಡೆದು ಹಾಕಿ, "ಹೀಗೆ ಬರೆದರೆ ಅವರು ಏನು ಅಂದುಕೊಳ್ಳುತ್ತಾರೆ ಗೊತ್ತಾ? ಬೇರೆ ಕಡೆ ಅಕ್ಸೆಪ್ಟ್ ಆಗಿದೆ, ಅದಕ್ಕೇ ಎಳೆದುಕೊಳ್ತಿದ್ದಾನೆ ಅಂತ" ಅಂದರು. ನಿಜ, ಒಂದೇ ಪೇಪರನ್ನು ಎರಡು ಕಡೆ ಹಾಕಿ ಯಾವುದು ಮೊದಲು ಬರುತ್ತೋ ಅದನ್ನು ಇಟ್ಟುಕೊಳ್ಳುವವರು ಇದ್ದಾರೆ, ಎಡಿಟರ್‌ಗಳಿಗೆ ಮೊದಲು ಬರುವ ಅನುಮಾನ ಅದೇ. ಹಾಗಾಗಿ ಕಾರಣವನ್ನೇ ಬಿಡಿಸಿ ಬರೆದೆವು. ಇಂಗ್ಲಿಷಿನಲ್ಲಿ ಕಳಿಸಿದ್ದು, ಕನ್ನಡದಲ್ಲಿ ಹೇಳಿದರೆ ಹೀಗಿತ್ತು:

"ಈ ನಂಬರಿನ ನಮ್ಮ ಪೇಪರನ್ನು ರಿವ್ಯೂನಿಂದ ಹಿಂದಕ್ಕೆ ಪಡೆಯಲು ಕೋರುತ್ತೇವೆ. ನವೆಂಬರ್ ಮಾದರಿಗಳ ಫ್ಲೋರೈಡ್ ಲೆಕ್ಕದಲ್ಲಿ, ಟಿಸ್ಯಾಬ್ ಬೆರೆಸಿದ್ದಕ್ಕೆ ಎರಡರಿಂದ ಗುಣಿಸುವುದು ಬಿಟ್ಟುಹೋಗಿದೆ. ಉಳಿಸಿದ್ದ ಒಂಬತ್ತು ಮಾದರಿಗಳನ್ನು ಮತ್ತೆ ಅಳೆದು ಖಚಿತ ಮಾಡಿಕೊಂಡಿದ್ದೇವೆ. ಸರಿಪಡಿಸಿದಾಗ ಮಳೆಯಿಂದ ಫ್ಲೋರೈಡ್ ಇಳಿದಿದೆ ಎಂಬ ಮುಖ್ಯ ತೀರ್ಮಾನ ನಿಲ್ಲುವುದಿಲ್ಲ. ಮೇ ತಿಂಗಳ ಅಂಕಿಗಳಿಗೆ ತೊಂದರೆ ಇಲ್ಲ. ಎಲ್ಲಾ ಲೇಖಕರು ಒಪ್ಪಿದ್ದಾರೆ. ಈ ಪೇಪರ್ ಬೇರೆ ಯಾವ ಜರ್ನಲ್‌ನಲ್ಲೂ ಇಲ್ಲ. ನಿಮ್ಮ ಮತ್ತು ರಿವ್ಯೂವರ್‌ಗಳ ಸಮಯ ಹೋಗಿದ್ದಕ್ಕೆ ಕ್ಷಮೆ ಇರಲಿ."

ಇಷ್ಟೇ. ಎಕ್ಸೆಲ್ ಕಾಪಿ ಮಾಡಿದ ಕಥೆ, ಜೂನಿಯರ್ ಕಥೆ ಯಾವುದೂ ಅದರಲ್ಲಿ ಇರಲಿಲ್ಲ. ಬರೆಯಬೇಕು ಅಂತ ಕೈ ತುರಿಸುತ್ತಿತ್ತು, ಯಾಕೆಂದರೆ ಬೇಕಂತ ಮಾಡಿದ್ದಲ್ಲ ಅಂತ ಹೇಳಿಕೊಳ್ಳೋ ಆಸೆ. ಎಡಿಟರ್‌ಗೆ ಬೇಕಿರುವುದು ತಪ್ಪು ಎಲ್ಲಿದೆ, ಎಷ್ಟು ದೂರ ಹರಡಿದೆ ಅನ್ನೋದು ಅಷ್ಟೇ.

ಕಳಿಸುವುದರಲ್ಲೂ ಒಂದು ಎಡವಟ್ಟು ಮಾಡಿದೆ. ಕೆಲವು ಜರ್ನಲ್ ಸೈಟುಗಳಲ್ಲಿ ಲೇಖಕರೇ ವಾಪಸ್ ಪಡೆಯುವ ಬಟನ್ ಇರುತ್ತದೆ, ನಮ್ಮದರಲ್ಲಿ ರಿವ್ಯೂಗೆ ಹೋದ ಮೇಲೆ ಅದು ಇರಲಿಲ್ಲ, ಮೇಲ್ ಹಾಕಲೇಬೇಕು. ನಾನು ನನ್ನ ಜಿಮೇಲ್‌ನಿಂದ ಹಾಕಿಬಿಟ್ಟೆ. ಜರ್ನಲ್ ಜೊತೆ ಪತ್ರ ವ್ಯವಹಾರ ನಡೆಸುವ ಕರೆಸ್ಪಾಂಡಿಂಗ್ ಆಥರ್ ಸರ್ ಅಲ್ವಾ, ಮಾರನೇ ದಿನ ಆಫೀಸಿನಿಂದ ಉತ್ತರ ಬಂತು: ಅವರ ನೋಂದಾಯಿತ ಮೇಲ್‌ನಿಂದಲೇ ಬರಲಿ, ಎಲ್ಲಾ ಲೇಖಕರ ಸಹಿ ಇರುವ ಪತ್ರವೂ ಬೇಕು. ರಿವಿಷನ್‌ನಲ್ಲಿ ಸರಿ ಮಾಡೋಣ ಅಂದಿದ್ದ ಸಹಲೇಖಕರ ಸಹಿಗೆ ಮತ್ತೆ ಎರಡು ದಿನ ಹಿಡಿಯಿತು, ತಿದ್ದಿದ ಶೀಟ್ ನೋಡಿದ ಮೇಲೆ ಅವರೇ ಸ್ಕ್ಯಾನ್ ಮಾಡಿ ಕಳಿಸಿದರು.

ಆಮೇಲೆ ಒಂಬತ್ತು ದಿನ ಏನೂ ಇಲ್ಲ. ಮೇಲ್ ಹಾಕಿದ ಮಾತ್ರಕ್ಕೆ ಪೇಪರ್ ವಾಪಸ್ ಬಂದ ಹಾಗಲ್ಲ, ಆಫೀಸಿನಿಂದ ಖಚಿತ ಮಾಡುವವರೆಗೂ ಅದು ಅವರ ಹತ್ತಿರವೇ ಇದೆ. ಆ ನಡುವೆ ಬೇರೆ ಕಡೆ ಕಳಿಸಿದರೆ ಎರಡು ಕಡೆ ಹಾಕಿದ ಹಾಗೇ ಆಗುತ್ತದೆ. ಹತ್ತನೇ ದಿನ ಒಂದು ಸಾಲಿನ ನೆನಪೋಲೆ ಹಾಕಿದೆವು. ಮಧ್ಯಾಹ್ನ ಉತ್ತರ, ಸೈಟಿನಲ್ಲಿ `Withdrawn`. ದುಡ್ಡು ಯಾರೂ ಕೇಳಲಿಲ್ಲ. ನನ್ನ ಗೆಳೆಯನೊಬ್ಬನಿಗೆ ಬೇರೊಂದು ಜರ್ನಲ್ ವಾಪಸ್ ಕೊಡೋಕೆ ಶುಲ್ಕ ಕಟ್ಟು ಅಂದಿತ್ತು, ರಿವ್ಯೂವೇ ಮಾಡದೆ ಮೂರು ದಿನಕ್ಕೆ ಅಕ್ಸೆಪ್ಟ್ ಮಾಡಿದ್ದ ಜರ್ನಲ್ ಅದು. ಅವನು ಕಟ್ಟಲಿಲ್ಲ.

ಎಡಿಟರ್ ಕೊನೆಯಲ್ಲಿ, ತಿದ್ದಿದ ಅಂಕಿಗಳ ಮೇಲೆ ಹೊಸ ಪೇಪರ್ ಬರೆದರೆ ಇಲ್ಲಿಗೇ ಕಳಿಸಬಹುದು, ಕವರ್ ಲೆಟರ್‌ನಲ್ಲಿ ಹಳೇ ನಂಬರ್ ಹಾಕಿ ಅಂತ ಬರೆದಿದ್ದರು. ಹಾಗೇ ಮಾಡಿದೆವು. ಹೊಸ ಶೀರ್ಷಿಕೆಯಲ್ಲಿ ಮಳೆ ಬಂದರೂ ಫ್ಲೋರೈಡ್ ಇಳಿಯಲಿಲ್ಲ ಅಂತ ಇದೆ. ಅದಕ್ಕೆ ಮುಂಚೆ ಇನ್ನೊಂದು ಕೆಲಸ ಇತ್ತು. ನವೆಂಬರ್ ಪಟ್ಟಿಯನ್ನು ಎರಡು ಹಳ್ಳಿಗಳವರಿಗೆ ಆಗಲೇ ಕೊಟ್ಟಿದ್ದೆ, ನಿಮ್ಮ ಬೋರ್ ನೀರು ಈಗ ಪರವಾಗಿಲ್ಲ ಅಂದಿದ್ದೆ. ಬಸ್ ಹತ್ತಿ ಹೋಗಿ ಹೊಸ ಪಟ್ಟಿ ಕೊಟ್ಟು ಬಂದೆ. ಎಡಿಟರ್‌ಗೆ ಬರೆಯೋದಕ್ಕಿಂತ ಅದು ಕಷ್ಟ ಆಯ್ತು.